ಹೊಸ ಇಂಟರ್ನ್‌ಗೆ ಆ್ಯಡ್ ರಿಪೋರ್ಟ್ ಓದಲು ಕಲಿಸಿ: ಐದು ದಿನದ ಪಾಠ

ಹೊಸದಾಗಿ ಸೇರಿದ ಇಂಟರ್ನ್‌ಗೆ ಮೆಟಾ ಆ್ಯಡ್ಸ್ ಮ್ಯಾನೇಜರ್ ತೆರೆದುಕೊಟ್ಟು, ‘ಹೋದ ವಾರದ ರಿಪೋರ್ಟ್ ನೋಡಿ, ಏನನ್ನಿಸುತ್ತೆ ಹೇಳಿ’ ಅಂದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ರೋಆಸ್ ಬಿದ್ದಿದೆ ಸರ್, ಆ್ಯಡ್ ಬದಲಾಯಿಸೋಣ್ವಾ?’ ಖರ್ಚಾದ ಪ್ರತಿ ರೂಪಾಯಿಗೆ ಎಷ್ಟು ರೂಪಾಯಿಯ ಮಾರಾಟ ಬಂತು ಅನ್ನುವ ಆ ಒಂದು ಅಂಕಿ ಬಿದ್ದಿರುವುದು ನಿಜವೇ ಇರಬಹುದು. ಆದರೆ ಬಿದ್ದದ್ದು ಎಲ್ಲಿ ಅನ್ನುವುದು ಆ ಅಂಕಿಯಲ್ಲಿ ಇರುವುದಿಲ್ಲ.

ಇದರಲ್ಲಿ ಇಂಟರ್ನ್‌ನ ತಪ್ಪಿಗಿಂತ ನಾವು ಕಲಿಸುವ ರೀತಿಯ ತಪ್ಪೇ ಹೆಚ್ಚು. ಬಹುತೇಕ ಕಚೇರಿಗಳಲ್ಲಿ ಮೊದಲ ದಿನವೇ ಇಂಪ್ರೆಷನ್, ರೀಚ್, ಸಿಪಿಎಂ, ಸಿಟಿಆರ್ ಎಂದು ಅರ್ಥಗಳ ಪಟ್ಟಿಯೊಂದನ್ನು ಕೈಗೆ ಕೊಟ್ಟುಬಿಡುತ್ತಾರೆ. ಹುಡುಗ ಹುಡುಗಿಯರು ಅದನ್ನು ಬಾಯಿಪಾಠವೂ ಮಾಡುತ್ತಾರೆ. ಆದರೆ ಒಂದು ಅಂಕಿ ಇನ್ನೊಂದರಿಂದ ಹೇಗೆ ಹುಟ್ಟುತ್ತದೆ ಎಂದು ತಿಳಿಯದಿದ್ದರೆ ಆ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ರಿಪೋರ್ಟಿನಲ್ಲಿ ನಿಜವಾಗಿ ಎಣಿಸಿದ ಅಂಕಿಗಳು ಕೆಲವೇ. ಉಳಿದವೆಲ್ಲ ಅವುಗಳನ್ನು ಒಂದರಿಂದೊಂದು ಭಾಗಿಸಿ ತೆಗೆದವು. ಯಾವುದು ಎಣಿಕೆ, ಯಾವುದು ಭಾಗಲಬ್ಧ ಎಂದು ಬೇರ್ಪಡಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ. ಈ ಐದು ದಿನದ ಪಾಠ ನಿಂತಿರುವುದು ಅದರ ಮೇಲೆ. ದಿನಕ್ಕೆ ಎರಡು ಗಂಟೆ, ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್ ಸಾಕು.

ಅಭ್ಯಾಸಕ್ಕೆಂದು ಇಲ್ಲಿ ಒಂದು ಕಲ್ಪಿತ ಖಾತೆಯನ್ನು ಇಟ್ಟುಕೊಂಡಿದ್ದೇನೆ. ಇಳಕಲ್ ಸೀರೆಗಳನ್ನು ಸ್ವಂತ ವೆಬ್‌ಸೈಟಿನಲ್ಲಿ ಮಾರುವ ಒಂದು ಸಣ್ಣ ಅಂಗಡಿ, ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್‌ನಲ್ಲಿ ವಾರಕ್ಕೆ 28,000 ರೂಪಾಯಿ ಖರ್ಚು ಮಾಡುತ್ತದೆ ಎಂದುಕೊಳ್ಳಿ. ನಿಮ್ಮ ಕಚೇರಿಯ ಯಾವುದಾದರೂ ನಿಜ ಖಾತೆಯ ಎರಡು ವಾರದ ಅಂಕಿಗಳನ್ನೂ ಹೀಗೆಯೇ ಬಳಸಬಹುದು.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಇಂಟರ್ನ್‌ಗೆ ಖಾತೆ ನೋಡುವ ಅನುಮತಿ ಮಾತ್ರ ಕೊಡಿ. ತಿದ್ದುವ ಅನುಮತಿ ಬೇಡ. ಕಲಿಯುವಾಗ ಕೈತಪ್ಪಿ ಒಂದು ಆ್ಯಡ್ ಸೆಟ್ ಆಫ್ ಆದರೆ ಗ್ರಾಹಕರಿಗೆ ಉತ್ತರ ಹೇಳಬೇಕಾದವರು ನೀವು.

ಮೊದಲ ದಿನ: ಅಂಕಿಗಿಂತ ಮೊದಲು ಚೌಕಟ್ಟು

ಒಂದೇ ಖಾತೆಯನ್ನು ಇಬ್ಬರು ತೆರೆದು ಬೇರೆ ಬೇರೆ ಅಂಕಿ ಹೇಳುವುದು ದಿನವೂ ನಡೆಯುವ ಸಂಗತಿ. ಇಬ್ಬರೂ ಸರಿಯಾಗಿಯೇ ಓದಿರುತ್ತಾರೆ, ನೋಡುತ್ತಿರುವ ಚೌಕಟ್ಟು ಬೇರೆ ಇರುತ್ತದೆ, ಅಷ್ಟೆ. ಆದ್ದರಿಂದ ಮೊದಲ ದಿನ ಯಾವ ಅಂಕಿಯ ಅರ್ಥವನ್ನೂ ಹೇಳಬೇಡಿ. ರಿಪೋರ್ಟ್ ತೆರೆದ ಕೂಡಲೇ ಈ ಐದನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ.

1. ಖಾತೆಯ ಹೆಸರು, ಅದರ ಕರೆನ್ಸಿ, ಟೈಮ್ ಝೋನ್. ಹೊರದೇಶದ ಗ್ರಾಹಕರ ಖಾತೆಯಾದರೆ ಅಲ್ಲಿನ ‘ನಿನ್ನೆ’ ನಮ್ಮ ನಿನ್ನೆಗೆ ಸರಿಹೊಂದುವುದಿಲ್ಲ.
2. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ. ಇವತ್ತಿನ ದಿನ ಅದರಲ್ಲಿ ಸೇರಿದ್ದರೆ ಆ ದಿನದ ಲೆಕ್ಕ ಇನ್ನೂ ಮುಗಿದಿಲ್ಲ.
3. ಯಾವ ಮಟ್ಟ: ಕ್ಯಾಂಪೇನ್, ಆ್ಯಡ್ ಸೆಟ್ ಅಥವಾ ಆ್ಯಡ್. ಕ್ಯಾಂಪೇನ್‌ನಲ್ಲಿ ಗುರಿ ಇರುತ್ತದೆ, ಆ್ಯಡ್ ಸೆಟ್‌ನಲ್ಲಿ ಯಾರಿಗೆ, ಎಲ್ಲಿ ತೋರಿಸಬೇಕು ಅನ್ನುವುದು, ಆ್ಯಡ್‌ನಲ್ಲಿ ಚಿತ್ರ ಮತ್ತು ಮಾತು.
4. ಹುಡುಕಾಟದ ಪಟ್ಟಿಯಲ್ಲಿ ಯಾವುದಾದರೂ ಫಿಲ್ಟರ್ ಉಳಿದಿದೆಯೇ.
5. ಆಟ್ರಿಬ್ಯೂಷನ್ ಸೆಟ್ಟಿಂಗ್ ಏನು. ಇದು ಐದನೇ ದಿನದ ಪಾಠ. ಇವತ್ತು ಬರೆದಿಟ್ಟುಕೊಂಡರೆ ಸಾಕು.

ಆಮೇಲೆ ಒಂದೇ ಒಂದು ಅಂಕಿಯನ್ನು ನೋಡಲಿ: `Amount spent`, ಅಂದರೆ ಖರ್ಚು. ಅದೇ ತಾರೀಕುಗಳ ಇನ್‌ವಾಯ್ಸ್ ಕೊಟ್ಟು ಅದರ ಜೊತೆ ತಾಳೆ ನೋಡಲು ಹೇಳಿ. ತಾಳೆ ಆಗುವುದಿಲ್ಲ. ರಿಪೋರ್ಟಿನಲ್ಲಿ ತೋರಿಸುವ ಖರ್ಚಿನಲ್ಲಿ ತೆರಿಗೆ ಸೇರಿರುವುದಿಲ್ಲ. ನಮ್ಮಲ್ಲಿ ಅದರ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ನಮ್ಮ ಸೀರೆ ಅಂಗಡಿಯ 28,000 ರೂಪಾಯಿಗೆ 5,040 ಸೇರಿ ಕೈಯಿಂದ ಹೋಗುವ ಹಣ 33,040. ಗ್ರಾಹಕರು ‘ನೀವು 28 ಸಾವಿರ ಅಂದಿರಿ, ಕಾರ್ಡಿನಿಂದ 33 ಸಾವಿರ ಹೋಗಿದೆಯಲ್ಲ’ ಎಂದು ಫೋನ್ ಮಾಡುವುದು ಇದಕ್ಕೇ. ಈ ಒಂದು ವ್ಯತ್ಯಾಸವನ್ನು ತಾನಾಗಿ ಕಂಡುಹಿಡಿದ ಇಂಟರ್ನ್ ಮುಂದೆ ಯಾವ ಅಂಕಿಯನ್ನೂ ಸುಮ್ಮನೆ ನಂಬುವುದಿಲ್ಲ.

ಎರಡನೇ ದಿನ: ಎಣಿಕೆಗಳು ಮಾತ್ರ

ಕಾಲಂಗಳ ಆಯ್ಕೆಗೆ ಹೋಗಿ ಶೇಕಡಾವಾರು, ‘ಪ್ರತಿ ಇಷ್ಟಕ್ಕೆ ಇಷ್ಟು’ ಎಂದು ಬರುವ ಎಲ್ಲವನ್ನೂ ತೆಗೆದುಹಾಕಿ. ಖರ್ಚು, ಇಂಪ್ರೆಷನ್, ರೀಚ್, ಲಿಂಕ್ ಕ್ಲಿಕ್, ಲ್ಯಾಂಡಿಂಗ್ ಪೇಜ್ ವ್ಯೂ, ಖರೀದಿ, ಖರೀದಿಯ ಮೊತ್ತ, ಈ ಏಳು ಉಳಿಯಲಿ.

ಇದರಲ್ಲಿ ಎಡವುವ ಜಾಗ ಎರಡು. ಮೊದಲನೆಯದು ರೀಚ್. ಇಂಪ್ರೆಷನ್ ಅಂದರೆ ಆ್ಯಡ್ ಎಷ್ಟು ಸಲ ಪರದೆಯ ಮೇಲೆ ಬಂತು. ರೀಚ್ ಅಂದರೆ ಎಷ್ಟು ಜನರಿಗೆ ಬಂತು, ಅದೂ ಅಂದಾಜಿನ ಲೆಕ್ಕ. ಸೋಮವಾರ ನೋಡಿದವರೇ ಗುರುವಾರವೂ ನೋಡಿರುತ್ತಾರೆ. ಹಾಗಾಗಿ ದಿನದ ರೀಚ್‌ಗಳನ್ನು ಕೂಡಿದರೆ 1,70,000 ಬರಬಹುದು, ವಾರದ ಒಟ್ಟು ಸಾಲಿನಲ್ಲಿ 1,25,000 ಎಂದಿರುತ್ತದೆ. ಎರಡನೆಯದೇ ಸರಿ. ರೀಚ್ ಒಂದನ್ನು ಬಿಟ್ಟು ಪಟ್ಟಿಯಲ್ಲಿರುವ ಬೇರೆ ಎಣಿಕೆಗಳನ್ನೆಲ್ಲ ದಿನದಿಂದ ದಿನಕ್ಕೆ ಕೂಡಬಹುದು. ಇದನ್ನು ಹೇಳಿಕೊಡಬೇಡಿ, ಕೂಡಿಸಿ ನೋಡಲು ಬಿಡಿ.

ಎರಡನೆಯದು ಕ್ಲಿಕ್. `Clicks (all)` ಎಂಬ ಕಾಲಂನಲ್ಲಿ ಲೈಕ್, ಕಾಮೆಂಟ್, ಪ್ರೊಫೈಲ್ ಹೆಸರಿನ ಮೇಲೆ ಒತ್ತಿದ್ದು ಎಲ್ಲವೂ ಸೇರಿರುತ್ತದೆ. ನಮಗೆ ಬೇಕಾದದ್ದು `Link clicks`. ರಿಪೋರ್ಟಿನಲ್ಲಿ ಸಿಟಿಆರ್ ಕೂಡ ಎರಡು ಬಗೆಯದು ಇರುವುದು ಇದೇ ಕಾರಣಕ್ಕೆ. ಎರಡನ್ನೂ ಬೆರೆಸಿ ಹೋಲಿಸಿದರೆ ಆ್ಯಡ್ ಇದ್ದಕ್ಕಿದ್ದಂತೆ ಚೆನ್ನಾದಂತೆಯೋ ಕೆಟ್ಟಂತೆಯೋ ಕಾಣುತ್ತದೆ.

ಮಧ್ಯಾಹ್ನದ ಕೆಲಸ: ಈ ಏಳು ಎಣಿಕೆಗಳಿಂದ ಸಿಪಿಎಂ, ಸಿಟಿಆರ್, ಪ್ರತಿ ಕ್ಲಿಕ್‌ನ ಖರ್ಚು, ಪ್ರತಿ ಖರೀದಿಯ ಖರ್ಚು, ರೋಆಸ್ ಇವನ್ನು ಕೈಯಿಂದ ಲೆಕ್ಕ ಮಾಡಿ, ಆಮೇಲೆ ಕಾಲಂಗಳನ್ನು ವಾಪಸ್ ತಂದು ಉತ್ತರ ಹೋಲಿಸುವುದು.

ಮೂರನೇ ದಿನ: ಯಾವ ಮೆಟ್ಟಿಲಿನಲ್ಲಿ ಜಾರಿತು?

ಐದು ದಿನಗಳಲ್ಲಿ ಇದೇ ಮುಖ್ಯವಾದ ದಿನ. ಬೇರೆ ಕೆಲಸ ಬಂದು ಒಂದು ದಿನದ ಪಾಠ ಬಿಡಬೇಕಾಗಿ ಬಂದರೂ ಇದನ್ನು ಬಿಡಬೇಡಿ.

ಜನ ಆ್ಯಡ್ ನೋಡುವುದರಿಂದ ಕೊಳ್ಳುವವರೆಗೆ ಮೆಟ್ಟಿಲುಗಳಿವೆ: ಕಂಡಿತು, ಕ್ಲಿಕ್ ಮಾಡಿದರು, ಪುಟ ತೆರೆಯಿತು, ಕೊಂಡರು. ಪ್ರತಿ ಮೆಟ್ಟಿಲಿಗೆ ಒಂದು ಶೇಕಡಾವಾರು ಇದೆ. ಪ್ರತಿ ಖರೀದಿಯ ಖರ್ಚು ಏರಿದೆ ಅಂದರೆ ಈ ಮೆಟ್ಟಿಲುಗಳಲ್ಲಿ ಯಾವುದೋ ಒಂದರಲ್ಲಿ ಜನ ಹೆಚ್ಚು ಜಾರುತ್ತಿದ್ದಾರೆ, ಇಲ್ಲವೇ ಆ್ಯಡ್ ತೋರಿಸುವ ಬೆಲೆಯೇ ಏರಿದೆ. ಬೇರೆ ದಾರಿಯಿಲ್ಲ. ಹಾಗಾಗಿ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡುತ್ತಾ ಬಂದರೆ ಜಾಗ ಸಿಕ್ಕೇ ಸಿಗುತ್ತದೆ.

ಸೀರೆ ಅಂಗಡಿಯ ಮೊದಲ ವಾರ: ಖರ್ಚು 28,000, ಇಂಪ್ರೆಷನ್ 2,00,000, ಲಿಂಕ್ ಕ್ಲಿಕ್ 3,000, ಪುಟ ತೆರೆದದ್ದು 2,400, ಖರೀದಿ 48. ಸೀರೆಗೆ ಸರಾಸರಿ 1,750ರಂತೆ ಮಾರಾಟ 84,000, ರೋಆಸ್ 3.

ಎರಡನೇ ವಾರ: ಖರ್ಚು ಅಷ್ಟೇ, ಇಂಪ್ರೆಷನ್ ಅಷ್ಟೇ. ಲಿಂಕ್ ಕ್ಲಿಕ್ 3,100, ಪುಟ ತೆರೆದದ್ದು 1,550, ಖರೀದಿ 31. ಮಾರಾಟ 54,250, ರೋಆಸ್ 1.94.

ಕೊನೆಯ ಕಾಲಂ ಮಾತ್ರ ನೋಡಿದವರು ಆ್ಯಡ್ ಬದಲಾಯಿಸಲು ಹೊರಡುತ್ತಾರೆ. ಈಗ ಮೆಟ್ಟಿಲು ಇಳಿಯೋಣ.

1. ಸಾವಿರ ಸಲ ತೋರಿಸಲು ಎಷ್ಟು? ಎರಡೂ ವಾರ 140 ರೂಪಾಯಿ. ಬೆಲೆ ಏರಿಲ್ಲ.
2. ಕಂಡವುಗಳಲ್ಲಿ ಕ್ಲಿಕ್ ಆದದ್ದು? ಮೊದಲು 1.5%, ಈಗ 1.55%. ಆ್ಯಡ್ ತನ್ನ ಕೆಲಸ ಮಾಡಿದೆ.
3. ಕ್ಲಿಕ್ ಮಾಡಿದವರಲ್ಲಿ ಪುಟ ತೆರೆದದ್ದು? 80% ಇದ್ದದ್ದು 50%ಕ್ಕೆ ಬಂದಿದೆ.
4. ಪುಟ ತೆರೆದವರಲ್ಲಿ ಕೊಂಡವರು? ಎರಡೂ ವಾರ 2%.

ಜಾರಿದ್ದು ಮೂರನೇ ಮೆಟ್ಟಿಲಿನಲ್ಲಿ. ಆ್ಯಡ್ ಬದಲಾಯಿಸಿದ್ದರೆ ಸರಿಯಿದ್ದದ್ದನ್ನೂ ಕೆಡಿಸಿದಂತಾಗುತ್ತಿತ್ತು.

ಲೆಕ್ಕ ಸರಿಯಿದೆಯೇ ಎಂದು ತಿರುಗಿಸಿ ನೋಡುವ ಅಭ್ಯಾಸವನ್ನೂ ಇಲ್ಲೇ ಮಾಡಿಸಿ. ಮೊದಲ ವಾರ ಪ್ರತಿ ಕ್ಲಿಕ್‌ಗೆ 9.33 ರೂಪಾಯಿ. ಅದನ್ನು 0.80ರಿಂದಲೂ 0.02ರಿಂದಲೂ ಭಾಗಿಸಿದರೆ 583, ಅದೇ ಪ್ರತಿ ಖರೀದಿಯ ಖರ್ಚು. ಎರಡನೇ ವಾರ 9.03ನ್ನು 0.50 ಮತ್ತು 0.02ರಿಂದ ಭಾಗಿಸಿದರೆ 903. ಕ್ಲಿಕ್ ಅಗ್ಗವಾಗಿದ್ದರೂ ಖರೀದಿ ದುಬಾರಿಯಾದದ್ದು ಹೇಗೆಂದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಜಾಗ ಸಿಕ್ಕಿತು, ಕಾರಣ ಇನ್ನೂ ಸಿಕ್ಕಿಲ್ಲ. ಕ್ಲಿಕ್‌ಗೂ ಪುಟ ತೆರೆಯುವುದಕ್ಕೂ ನಡುವೆ ಅಂತರ ಹಿಗ್ಗಲು ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ, ಮೂರನ್ನೂ ರಿಪೋರ್ಟಿನಲ್ಲೇ ಬಹುಮಟ್ಟಿಗೆ ಬೇರ್ಪಡಿಸಬಹುದು.

ಒಂದು, ಕ್ಲಿಕ್ ಮಾಡಿದವರು ಬಂದಿಳಿಯುವ ಪುಟದಲ್ಲಿ ಮಾತ್ರ ಪಿಕ್ಸೆಲ್ ಕೆಟ್ಟಿರಬಹುದು. ಜನ ಬರುತ್ತಿದ್ದಾರೆ, ಎಣಿಕೆ ಮಾತ್ರ ತಪ್ಪುತ್ತಿದೆ. ಹಾಗಾಗಿದ್ದರೆ ಕೊಂಡವರ ಸಂಖ್ಯೆ ಕಡಿಮೆಯಾಗುತ್ತಿರಲಿಲ್ಲ. ತೆರೆದ ಪುಟಗಳ ಎಣಿಕೆ ಕುಗ್ಗಿದ್ದರಿಂದ ನಾಲ್ಕನೇ ಮೆಟ್ಟಿಲಿನ 2% ಏರಿ 3ರ ಹತ್ತಿರ ಬರಬೇಕಿತ್ತು. ಅದು ಅಲುಗಾಡಿಲ್ಲ. ಅಂದರೆ ಜನ ನಿಜವಾಗಿಯೂ ತಲುಪಿಲ್ಲ.

ಎರಡು, ಕೈತಪ್ಪಿ ಆದ ಕ್ಲಿಕ್‌ಗಳು ಹೆಚ್ಚಿರಬಹುದು. ಬೇರೆ ಆ್ಯಪ್‌ಗಳ ಒಳಗೆ, ಆಟಗಳ ನಡುವೆ ತೋರಿಸುವ ಆಡಿಯನ್ಸ್ ನೆಟ್‌ವರ್ಕ್ ಜಾಗಗಳಲ್ಲಿ ಇದು ಹೆಚ್ಚು. ಬ್ರೇಕ್‌ಡೌನ್‌ನಲ್ಲಿ ಪ್ಲೇಸ್‌ಮೆಂಟ್ ಆಯ್ದು ನೋಡಿ. ನಮ್ಮ ಖಾತೆಯಲ್ಲಿ ರೀಲ್ಸ್, ಫೀಡ್, ಸ್ಟೋರೀಸ್ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಇಳಿದಿದೆ. ಇದೂ ಅಲ್ಲ.

ಮೂರು, ಪುಟ ನಿಧಾನವಾಗಿರಬಹುದು. ದಿನವಾರು ಬಿಡಿಸಿದರೆ ಸೋಮವಾರ, ಮಂಗಳವಾರ 80ರ ಆಸುಪಾಸಿನಲ್ಲೇ ಇದ್ದದ್ದು ಬುಧವಾರದಿಂದ 38ಕ್ಕೆ ಕುಸಿದಿದೆ. ಹೀಗೆ ಒಂದೇ ದಿನದಲ್ಲಿ ಮುರಿದು ಬಿದ್ದರೆ ಯಾರೋ ಏನನ್ನೋ ಬದಲಾಯಿಸಿದ್ದಾರೆ ಎಂದರ್ಥ. ಅಂಗಡಿಯವರನ್ನು ಕೇಳಿದರೆ, ಮಂಗಳವಾರ ರಾತ್ರಿ ಪುಟದ ತಲೆಗೆ ದೊಡ್ಡದೊಂದು ವಿಡಿಯೊ ಹಾಕಿಸಿದ್ದರು. ಇಂಥ ಪುಟವನ್ನು ಕಚೇರಿಯ ವೈಫೈನಲ್ಲಿ ಪರೀಕ್ಷಿಸಬೇಡಿ. ಸಾಧಾರಣ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಸೀರೆ ಕೊಳ್ಳುವವರು ನೋಡುವುದು ಹಾಗೆಯೇ.

ಸಂಜೆ ಹೊತ್ತಿಗೆ ನಿಮ್ಮ ಬೇರೊಂದು ಖಾತೆಯ ಎರಡು ವಾರಗಳನ್ನು ಕೊಟ್ಟು, ‘ಯಾವ ಮೆಟ್ಟಿಲು?’ ಎಂಬ ಒಂದೇ ಪ್ರಶ್ನೆ ಕೇಳಿ. ಪರಿಹಾರ ಹೇಳಲು ಹೊರಟರೆ ತಡೆಯಿರಿ.

ನಾಲ್ಕನೇ ದಿನ: ಸರಾಸರಿಯ ಮೋಸ, ಸಣ್ಣ ಸಂಖ್ಯೆಯ ಮೋಸ

ಮೊದಲ ವಾರದ ಆ 1.5% ಸಿಟಿಆರ್ ಎರಡು ಆ್ಯಡ್ ಸೆಟ್‌ಗಳಿಂದ ಬಂದದ್ದು. ಹೊಸಬರಿಗೆ ತೋರಿಸಿದ್ದರಲ್ಲಿ 1,60,000 ಇಂಪ್ರೆಷನ್, 1,600 ಕ್ಲಿಕ್, ಅಂದರೆ 1%. ಈ ಮೊದಲೇ ವೆಬ್‌ಸೈಟಿಗೆ ಬಂದುಹೋದವರಿಗೆ ತೋರಿಸಿದ್ದರಲ್ಲಿ 40,000 ಇಂಪ್ರೆಷನ್, 1,400 ಕ್ಲಿಕ್, ಅಂದರೆ 3.5%. ಶೀಟಿಗೆ ಇಳಿಸಿಕೊಂಡ ಇಂಟರ್ನ್ ಈ ಎರಡು ಶೇಕಡಾವಾರುಗಳ ಸರಾಸರಿ ತೆಗೆದು 2.25% ಎಂದು ಬರೆಯುತ್ತಾರೆ. ಭಾಗಲಬ್ಧಗಳ ಸರಾಸರಿ ತೆಗೆಯಬಾರದು. ಎಣಿಕೆಗಳನ್ನು ಕೂಡಿ ಆಮೇಲೆ ಭಾಗಿಸಬೇಕು. ಇಂಪ್ರೆಷನ್ C ಕಾಲಂನಲ್ಲಿ, ಕ್ಲಿಕ್ D ಕಾಲಂನಲ್ಲಿ, ಸಿಟಿಆರ್ E ಕಾಲಂನಲ್ಲಿ ಇದ್ದರೆ ಮೊದಲ ಸಾಲು ಸರಿ, ಎರಡನೆಯದು ತಪ್ಪು:

```
=SUM(D2:D3)/SUM(C2:C3)
=AVERAGE(E2:E3)
```

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. ಒಟ್ಟು ಸಿಟಿಆರ್ ಮುಂದಿನ ವಾರ ಇಳಿದರೆ ಎರಡು ಆ್ಯಡ್ ಸೆಟ್‌ಗಳಲ್ಲಿ ಯಾವುದೂ ಕೆಟ್ಟಿರದೆಯೂ ಇರಬಹುದು. ಹೊಸಬರ ಕಡೆಗೆ ಹೆಚ್ಚು ಹಣ ಹರಿದಿದ್ದರೆ ಸಾಕು, ಒಟ್ಟು ಅಂಕಿ ಇಳಿಯುತ್ತದೆ. ಆದ್ದರಿಂದ ಒಟ್ಟು ಸಾಲು ಬದಲಾದಾಗಲೆಲ್ಲ ಒಳಗಿನ ಸಾಲುಗಳನ್ನು ನೋಡದೆ ಮಾತಾಡಬಾರದು.

ಇನ್ನು ಸಣ್ಣ ಸಂಖ್ಯೆ. ಪ್ರತಿ ಖರೀದಿಗೆ ಸುಮಾರು 580 ರೂಪಾಯಿ ಬೀಳುವ ಖಾತೆಯಲ್ಲಿ ಹೊಸ ಆ್ಯಡ್ ಒಂದು 580 ಖರ್ಚು ಮಾಡಿ ಒಂದೂ ಖರೀದಿ ತಂದಿಲ್ಲ. ನಿಲ್ಲಿಸಬೇಕೇ? ಆ ಆ್ಯಡ್ ಉಳಿದವುಗಳಷ್ಟೇ ಚೆನ್ನಾಗಿದ್ದರೂ, ಬರೀ ಅದೃಷ್ಟದ ಆಟದಲ್ಲಿ ನೂರಕ್ಕೆ 37 ಸಲ ಹೀಗೇ ಆಗುತ್ತದೆ. ಅದೇ, ಮೂರು ಪಟ್ಟು, ಅಂದರೆ 1,750ರಷ್ಟು ಖರ್ಚಾದ ಮೇಲೂ ಸೊನ್ನೆಯೇ ಇದ್ದರೆ, ಚೆನ್ನಾದ ಆ್ಯಡ್‌ಗೆ ಹಾಗಾಗುವ ಸಂಭವ ನೂರಕ್ಕೆ 5. ಆಗ ಸಂಶಯ ಪಡುವುದಕ್ಕೆ ಅರ್ಥವಿದೆ. ಹಾಗಾಗಿ ಬ್ರೇಕ್‌ಡೌನ್‌ನಲ್ಲಿ ವಯಸ್ಸು, ಊರು, ಪ್ಲೇಸ್‌ಮೆಂಟ್ ಎಂದು ಒಡೆಯುತ್ತಾ ಹೋದಂತೆ ಪ್ರತಿ ಸಾಲಿನಲ್ಲಿ ಎರಡು ಮೂರು ಖರೀದಿ ಮಾತ್ರ ಉಳಿದರೆ ಅಲ್ಲಿಗೆ ನಿಲ್ಲಿಸಿ. ‘ಮೈಸೂರಿನಲ್ಲಿ ಚೆನ್ನಾಗಿದೆ, ಬೆಳಗಾವಿಯಲ್ಲಿ ಚೆನ್ನಾಗಿಲ್ಲ’ ಎಂದು ಎರಡು ಖರೀದಿಯ ಮೇಲೆ ಹೇಳುವವರು ರಿಪೋರ್ಟ್ ಓದುತ್ತಿಲ್ಲ, ಕಣಿ ಹೇಳುತ್ತಿದ್ದಾರೆ.

ನಿನ್ನೆಯ ಉದಾಹರಣೆಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿಸಿ. ಖರೀದಿ 48ರಿಂದ 31ಕ್ಕೆ ಇಳಿದದ್ದು ಸ್ವಲ್ಪ ಮಟ್ಟಿಗೆ ಆಕಸ್ಮಿಕವೂ ಆಗಿರಬಹುದಿತ್ತು. ಆದರೆ ಸಾವಿರಗಳ ಲೆಕ್ಕದಲ್ಲಿ 80% ಇದ್ದದ್ದು 50% ಆಗುವುದು ಆಕಸ್ಮಿಕವಲ್ಲ. ಮೆಟ್ಟಿಲು ಮೇಲೆ ಹೋದಂತೆ ಸಂಖ್ಯೆ ದೊಡ್ಡದು, ನಂಬಿಕೆಯೂ ಹೆಚ್ಚು.

ಐದನೇ ದಿನ: ಅಂಗಡಿಯ ಲೆಕ್ಕದ ಜೊತೆ ತಾಳೆ, ಅರ್ಧ ಪುಟದ ಟಿಪ್ಪಣಿ

ಮೆಟಾ ಹೇಳುವ 48 ಖರೀದಿಗಳು ಮೆಟಾದ ಲೆಕ್ಕ. ಸಾಮಾನ್ಯ ಸೆಟ್ಟಿಂಗ್ ಪ್ರಕಾರ, ಕ್ಲಿಕ್ ಮಾಡಿ ಏಳು ದಿನದೊಳಗೆ ಅಥವಾ ಬರೀ ನೋಡಿ ಒಂದು ದಿನದೊಳಗೆ ಕೊಂಡರೆ ಅದನ್ನು ಆ್ಯಡ್‌ನ ಖಾತೆಗೆ ಬರೆದುಕೊಳ್ಳಲಾಗುತ್ತದೆ. ಅದೇ ಗಿರಾಕಿ ನಡುವೆ ಗೂಗಲ್ ಆ್ಯಡ್ ಒಂದನ್ನೂ ಒತ್ತಿದ್ದರೆ ಗೂಗಲ್ ಕೂಡ ಅದು ತನ್ನದೇ ಅನ್ನುತ್ತದೆ. ಎರಡನ್ನೂ ಕೂಡಿದರೆ ಅಂಗಡಿಯಲ್ಲಿ ನಡೆಯದ ಮಾರಾಟವೂ ಲೆಕ್ಕಕ್ಕೆ ಬರುತ್ತದೆ. 2021ರ ಏಪ್ರಿಲ್‌ನಲ್ಲಿ ಆಪಲ್, ಟ್ರ್ಯಾಕ್ ಮಾಡುವ ಮೊದಲು ಐಫೋನ್ ಬಳಕೆದಾರರ ಒಪ್ಪಿಗೆ ಕೇಳುವುದನ್ನು ಕಡ್ಡಾಯ ಮಾಡಿದ ಮೇಲಂತೂ ಈ ಅಂಕಿಗಳಲ್ಲಿ ಒಂದು ಪಾಲು ಅಂದಾಜು.

ಮತ್ತೊಂದು ವಿಷಯ: ಖರೀದಿಯನ್ನು ಅದು ನಡೆದ ದಿನಕ್ಕಲ್ಲ, ಆ್ಯಡ್ ನೋಡಿದ ಅಥವಾ ಒತ್ತಿದ ದಿನಕ್ಕೆ ಬರೆಯಲಾಗುತ್ತದೆ. ಭಾನುವಾರ ಒತ್ತಿ ಬುಧವಾರ ಕೊಂಡರೆ ಭಾನುವಾರದ ಅಂಕಿ ಬುಧವಾರ ಬೆಳೆಯುತ್ತದೆ. ಕೊನೆಯ ಎರಡು ಮೂರು ದಿನ ಯಾವಾಗಲೂ ಸಪ್ಪೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಎರಡನೇ ದಿನ ಬರೆದಿಟ್ಟುಕೊಂಡ ಅಂಕಿಗಳನ್ನು ಅದೇ ತಾರೀಕುಗಳಿಗೆ ಇವತ್ತು ಮತ್ತೆ ತೆಗೆದರೆ ಇಂಟರ್ನ್‌ಗೆ ಇದು ತಾನಾಗಿ ತಿಳಿಯುತ್ತದೆ.

ಈಗ ಅಂಗಡಿಯ ಆರ್ಡರ್ ಶೀಟ್ ತರಿಸಿ. ಗಿರಾಕಿಗಳ ಹೆಸರು, ಫೋನ್ ನಂಬರ್, ವಿಳಾಸದ ಕಾಲಂಗಳನ್ನು ತೆಗೆದೇ ಕಳಿಸಲು ಹೇಳಿ. ನಮ್ಮ ದೇಶದ ಖಾತೆಗಳಲ್ಲಿ ಬಹಳ ದೊಡ್ಡ ರಂಧ್ರ ಇರುವುದು ಕ್ಯಾಶ್ ಆನ್ ಡೆಲಿವರಿಯಲ್ಲಿ. ಆರ್ಡರ್ ಕೊಟ್ಟ ಕ್ಷಣವೇ ಪಿಕ್ಸೆಲ್ ‘ಖರೀದಿ’ ಎಂದು ಬರೆದುಕೊಳ್ಳುತ್ತದೆ. ಬಾಗಿಲಲ್ಲಿ ಪಾರ್ಸೆಲ್ ಬೇಡವೆಂದು ವಾಪಸ್ ಕಳಿಸಿದರೆ ಅದು ತಾನಾಗಿ ಅಳಿಸಿಹೋಗುವುದಿಲ್ಲ. 48ರಲ್ಲಿ 12 ಸೀರೆ ವಾಪಸ್ ಬಂದವು ಎಂದುಕೊಳ್ಳಿ. ಉಳಿದ 36ಕ್ಕೆ ಮಾರಾಟ 63,000. ರೋಆಸ್ 3 ಅಲ್ಲ, 2.25. ಕೊಟ್ಟ ಜಿಎಸ್‌ಟಿಯನ್ನೂ ಸೇರಿಸಿ 33,040ರಿಂದ ಭಾಗಿಸಿದರೆ 1.91. ಜಿಎಸ್‌ಟಿ ನೋಂದಣಿ ಇರುವ ಅಂಗಡಿಗೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಲು ಅವಕಾಶವಿರುವುದರಿಂದ, ಯಾವ ಅಂಕಿ ಹಿಡಿಯಬೇಕೆಂದು ಅವರ ಲೆಕ್ಕಿಗರನ್ನೇ ಕೇಳಿ. ವಾಪಸ್ ಬಂದ ಪಾರ್ಸೆಲ್‌ಗಳ ಕೊರಿಯರ್ ಖರ್ಚು ಇನ್ನೂ ಹೊರಗಿದೆ.

ಕೊನೆಯ ಕೆಲಸ ಅರ್ಧ ಪುಟದ ಟಿಪ್ಪಣಿ. ಹೀಗಿದ್ದರೆ ಸಾಕು: ‘ಎರಡನೇ ವಾರ, ಸೋಮವಾರದಿಂದ ಭಾನುವಾರ. ಖರ್ಚು 28,000, ತೆರಿಗೆ ಬಿಟ್ಟು. ಪ್ರತಿ ಖರೀದಿಯ ಖರ್ಚು 583ರಿಂದ 903ಕ್ಕೆ ಏರಿದೆ. ಆ್ಯಡ್‌ನ ಬೆಲೆ, ಕ್ಲಿಕ್, ಪುಟ ತೆರೆದವರಲ್ಲಿ ಕೊಂಡವರ ಪ್ರಮಾಣ ಮೊದಲಿನಂತೆಯೇ ಇವೆ. ಕ್ಲಿಕ್ ಮಾಡಿದವರಲ್ಲಿ ಪುಟ ತಲುಪುವವರು ಬುಧವಾರದಿಂದ ಅರ್ಧಕ್ಕಿಂತ ಕಡಿಮೆ. ಮಂಗಳವಾರ ಪುಟಕ್ಕೆ ವಿಡಿಯೊ ಸೇರಿಸಲಾಗಿದೆ. ಅದನ್ನು ತೆಗೆದು ಮೂರು ದಿನ ನೋಡಬೇಕು. ಕೊನೆಯ ಎರಡು ದಿನದ ಖರೀದಿ ಇನ್ನೂ ಏರಬಹುದು.’

ಸಾಮಾನ್ಯವಾಗಿ ಆಗುವ ತಪ್ಪುಗಳು

- `Results` ಕಾಲಂನ ಒಟ್ಟು ಮೊತ್ತ ಹೇಳುವುದು. ಒಂದು ಕ್ಯಾಂಪೇನ್‌ನ ಫಲಿತಾಂಶ ಖರೀದಿ, ಇನ್ನೊಂದರದ್ದು ಮೆಸೇಜ್ ಆಗಿದ್ದರೆ ಎರಡನ್ನೂ ಕೂಡಿ ಪ್ರಯೋಜನವಿಲ್ಲ.
- ಹಬ್ಬದ ವಾರವನ್ನು ಅದರ ಹಿಂದಿನ ವಾರದ ಜೊತೆ ಹೋಲಿಸುವುದು. ದೀಪಾವಳಿಯ ಹೊತ್ತಿಗೆ ಎಲ್ಲರೂ ಆ್ಯಡ್ ಹಾಕುವುದರಿಂದ ಸಿಪಿಎಂ ಏರುವುದು ಸಹಜ. ಅದು ನಿಮ್ಮ ಖಾತೆಯ ಕಾಯಿಲೆಯಲ್ಲ.
- ರೋಆಸ್ ಪ್ರಕಾರ ಸಾಲುಗಳನ್ನು ಜೋಡಿಸಿ ಮೇಲಿನದನ್ನು ಗೆದ್ದ ಆ್ಯಡ್ ಎನ್ನುವುದು. 200 ರೂಪಾಯಿ ಖರ್ಚಿನಲ್ಲಿ ಒಂದು ಸೀರೆ ಮಾರಿದ ಆ್ಯಡ್‌ಗೆ ರೋಆಸ್ 8.75 ಬರುತ್ತದೆ. ಮೊದಲು ಖರ್ಚಿನ ಪ್ರಕಾರ ಜೋಡಿಸಿ.
- ಆ್ಯಡ್ ಸೆಟ್ ಪಕ್ಕದಲ್ಲಿ `Learning` ಎಂದು ಇದ್ದಾಗಲೇ ತೀರ್ಪು ಕೊಡುವುದು. ವಾರದೊಳಗೆ ಸುಮಾರು 50 ಫಲಿತಾಂಶ ಬರುವವರೆಗೆ ಅಂಕಿಗಳು ಏರಿಳಿಯುತ್ತಲೇ ಇರುತ್ತವೆ.

ಐದು ದಿನ ಮುಗಿದ ಮಾತ್ರಕ್ಕೆ ತಿದ್ದುವ ಅನುಮತಿ ಕೊಟ್ಟುಬಿಡಬೇಡಿ. ಬಜೆಟ್ ಅಥವಾ ಯಾರಿಗೆ ತೋರಿಸಬೇಕು ಅನ್ನುವುದನ್ನು ದೊಡ್ಡದಾಗಿ ಬದಲಿಸಿದರೆ ಆ `Learning` ಹಂತ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇನ್ನೊಂದು ತಿಂಗಳು ಪ್ರತಿ ಸೋಮವಾರ ಇದೇ ಅರ್ಧ ಪುಟ ಬರೆಸಿ, ಅಂಗಡಿಯ ಲೆಕ್ಕದ ಜೊತೆ ತಾಳೆ ನೋಡಿಸಿ, ಆಮೇಲೆ ಕೊಡಿ.